ಕೊಬ್ಬರಿ ಟೆಂಪೊದಿಂದ ಸ್ವಂತ ಡ್ರೈವಿಂಗ್ ಸ್ಕೂಲ್‌ವರೆಗೆ: ಏಳು ವರ್ಷದ ಉಳಿತಾಯವನ್ನು ಯಾವ ಕ್ರಮದಲ್ಲಿ ಹೂಡಬೇಕು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದ ಮೂಟೆ ಸಾಗಿಸುವ ಟೆಂಪೊ ಓಡಿಸುತ್ತಿದ್ದ ಒಬ್ಬ ಯುವಕ ಒಂದು ಸಂಜೆ ನನ್ನ ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ ಬಂದು, "ಅಣ್ಣಾ, ಒಂದು ಹಳೇ ಕಾರು ಮಾರಾಟಕ್ಕಿದೆ. ನೀವು ಒಂದು ಸಲ ಎಂಜಿನ್ ನೋಡಿ ಹೇಳಿದರೆ ತಗೊಂಡುಬಿಡುತ್ತೇನೆ, ನಾನೂ ಸ್ಕೂಲ್ ಶುರು ಮಾಡಬೇಕು" ಎಂದ. ಮೂರು ವರ್ಷದಿಂದ ಅಂಚೆ ಕಚೇರಿಯ ಆರ್‌ಡಿ ಖಾತೆಗೆ ತಿಂಗಳಿಗೆ 5,000 ರೂಪಾಯಿ ಕಟ್ಟುತ್ತಿದ್ದ ಅವನು, ಆ ಖಾತೆಯನ್ನು ಮುರಿದು ಕಾರು ಕೊಳ್ಳಲು ಸಿದ್ಧನಾಗಿದ್ದ. ನಾನು ಕಾರನ್ನು ನೋಡಲು ಹೋಗಲಿಲ್ಲ. ಅದರ ಬದಲು ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಎಲ್ ಮತ್ತು ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟನ್ನು ತರಲು ಹೇಳಿದೆ. ಮೊದಲ ಎರಡು ಅವನಲ್ಲಿದ್ದವು, ಮೂರನೆಯದು ಇರಲಿಲ್ಲ.

ಡ್ರೈವರ್ ಆಗಿದ್ದು ಸ್ಕೂಲ್ ತೆರೆಯಲು ಹೊರಡುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹಣ ಕೂಡುತ್ತಿದ್ದಂತೆ ಮೊದಲು ಕಾರು ಕೊಳ್ಳುತ್ತಾರೆ, ಆಮೇಲೆ ಅಂಗಡಿ ಹಿಡಿಯುತ್ತಾರೆ, ಕೊನೆಗೆ ಆರ್‌ಟಿಒ ಕಚೇರಿಗೆ ಹೋಗುತ್ತಾರೆ. ಪರವಾನಗಿ ಸಿಗುವ ಹೊತ್ತಿಗೆ ಬಾಡಿಗೆ ಮತ್ತು ವಿಮೆಯಲ್ಲಿ ಕೈಯಲ್ಲಿದ್ದ ದುಡ್ಡು ಕರಗಿರುತ್ತದೆ. ಆ ಯುವಕ ಅಂತಿಮವಾಗಿ ಅನುಸರಿಸಿದ ಕ್ರಮವನ್ನು, ನಡುವೆ ಅವನು ಎಡವಿದ್ದನ್ನೂ ಸೇರಿಸಿ, ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಉಳಿತಾಯದ ವರ್ಷಗಳಲ್ಲೇ ಅರ್ಹತೆಯನ್ನು ಮುಗಿಸಿಕೊಳ್ಳುವುದು

ಡ್ರೈವಿಂಗ್ ಸ್ಕೂಲಿಗೆ ಪರವಾನಗಿ ಕೊಡುವ ನಿಯಮಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ಮುಖ್ಯವಾಗಿ ಓದಬೇಕಾದುದು 24ನೆಯ ನಿಯಮ. ಅದರ ಪ್ರಕಾರ ತರಬೇತಿ ಕೊಡುವವರು ಹತ್ತನೆಯ ತರಗತಿ ಪಾಸಾಗಿರಬೇಕು, ಕನಿಷ್ಠ ಐದು ವರ್ಷ ವಾಹನ ಓಡಿಸಿದ ಅನುಭವವಿರಬೇಕು, ಅದರ ಜೊತೆಗೆ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಿಂದ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರವನ್ನು ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಅದಕ್ಕಿಂತ ಮೇಲಿನ ವಿದ್ಯಾರ್ಹತೆಯನ್ನು ಪಡೆದಿರಬೇಕು. ಈ ಅರ್ಹತೆ ಮಾಲೀಕರಿಗೇ ಇರಬೇಕೆಂದಿಲ್ಲ. ಅವರು ನೇಮಿಸಿಕೊಂಡ ತರಬೇತುದಾರರಿಗೆ ಇದ್ದರೂ ಸಾಕು. ಆದರೆ ಒಂದೇ ಕಾರಿನಿಂದ ಆರಂಭಿಸುವವರಿಗೆ ಇನ್ನೊಬ್ಬರ ಸಂಬಳವನ್ನು ಹೊರುವುದು ಕಷ್ಟ, ಮತ್ತು ಆ ತರಬೇತುದಾರರು ಕೆಲಸ ಬಿಟ್ಟು ಹೋದ ದಿನ ಸ್ಕೂಲಿನ ಪರವಾನಗಿಗೆ ಇದ್ದ ಆಧಾರವೇ ಹೋಗಿಬಿಡುತ್ತದೆ. ಆದ್ದರಿಂದ ಸ್ವತಃ ಓದಿ ಪ್ರಮಾಣಪತ್ರ ಪಡೆಯುವುದೇ ಸರಿಯಾದ ದಾರಿಯೆಂಬುದು ನನ್ನ ಅಭಿಪ್ರಾಯ.

ಅವನು ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ವಿಭಾಗಕ್ಕೆ ಸೇರಿದ. ಅದು ಎರಡು ವರ್ಷದ ಕೋರ್ಸು. ಹಗಲು ತರಗತಿಯಿದ್ದುದರಿಂದ ಟೆಂಪೊ ಕೆಲಸ ಬಿಟ್ಟು, ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ಹಾಲಿನ ವ್ಯಾನ್ ಓಡಿಸತೊಡಗಿದ. ಸಂಬಳ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಈ ಎರಡು ವರ್ಷ ಅವನ ಐದು ವರ್ಷದ ಚಾಲನಾ ಅನುಭವಕ್ಕೂ ಸೇರಿತು, ಆರ್‌ಡಿಯ 60 ಕಂತುಗಳೂ ಅದೇ ಹೊತ್ತಿಗೆ ಮುಗಿದವು. ಮೂರು ಗಡಿಯಾರಗಳನ್ನು ಒಟ್ಟಿಗೆ ಓಡಿಸುವುದೆಂದರೆ ಇದು. ಒಂದಾದ ಮೇಲೆ ಒಂದರಂತೆ ಮಾಡಿದ್ದರೆ ಇನ್ನೂ ಎರಡು ವರ್ಷ ಹೆಚ್ಚು ಹಿಡಿಯುತ್ತಿತ್ತು.

ಅನುಭವಕ್ಕೆ ದಾಖಲೆ ಬೇಕಾಗುತ್ತದೆ. ಡಿಎಲ್ ಪಡೆದ ದಿನಾಂಕ ಒಂದು ಆಧಾರವಾದರೂ, ಕೆಲಸ ಮಾಡಿದ ಪ್ರತಿ ಕಡೆಯಿಂದಲೂ ಬಿಟ್ಟು ಬರುವಾಗಲೇ ಒಂದು ಪತ್ರವನ್ನು ಬರೆಸಿಕೊಳ್ಳುವುದು ಒಳ್ಳೆಯದು. ಐದು ವರ್ಷದ ಬಳಿಕ ಹುಡುಕಿಕೊಂಡು ಹೋದರೆ ಟೆಂಪೊ ಮಾಲೀಕರು ಗಾಡಿಯನ್ನೇ ಮಾರಿ ಬೇರೆ ವ್ಯಾಪಾರಕ್ಕೆ ಇಳಿದಿರಬಹುದು.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. 2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಬೇರೆಯೇ ವ್ಯವಸ್ಥೆ ಜಾರಿಗೆ ಬಂದಿದೆ. ಅಲ್ಲಿ ಲಘು ವಾಹನದ ತರಬೇತಿಗೇ ಬಯಲು ನಾಡಿನಲ್ಲಿ ಒಂದು ಎಕರೆ ಜಾಗ ಬೇಕು, ಅಲ್ಲಿಂದ ಪಾಸಾದವರಿಗೆ ಆರ್‌ಟಿಒದ ಚಾಲನಾ ಪರೀಕ್ಷೆಯಿಂದ ವಿನಾಯಿತಿಯೂ ಇದೆ. ಆ ಸುದ್ದಿಯನ್ನು ಓದಿ, ಇನ್ನು ಮುಂದೆ ಎಕರೆ ಜಮೀನಿಲ್ಲದವರಿಗೆ ಸ್ಕೂಲೇ ಇಲ್ಲವೆಂದು ಹಲವರು ಕೈಬಿಟ್ಟಿದ್ದಾರೆ. ಸಾಮಾನ್ಯ ಡ್ರೈವಿಂಗ್ ಸ್ಕೂಲಿಗೆ ಆ ಷರತ್ತು ಅನ್ವಯಿಸುವುದಿಲ್ಲ.

ಎರಡನೆಯ ಹೆಜ್ಜೆ: ಎಷ್ಟು ಕೂಡಬೇಕೆಂದು ಲೆಕ್ಕ ಹಾಕುವುದು

ಆರ್‌ಡಿಯನ್ನು ಅವನು ಮುರಿಯದಂತೆ ನಾನು ತಡೆದುದಕ್ಕೆ ಕಾರಣವಿತ್ತು. ಅಂಚೆ ಆರ್‌ಡಿಯನ್ನು ಮೂರು ವರ್ಷದ ನಂತರ ಮುಚ್ಚಬಹುದಾದರೂ ಆಗ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. ಪೂರ್ಣ ಅವಧಿಗೆ ಬಿಟ್ಟರೆ ಕಟ್ಟಿದ 3 ಲಕ್ಷ ರೂಪಾಯಿ ಬಡ್ಡಿ ಸೇರಿ ಸುಮಾರು ಮೂರೂವರೆ ಲಕ್ಷವಾಗುತ್ತದೆ. ಐಟಿಐಯ ಮೊದಲ ವರ್ಷದಲ್ಲಿ ಅವನು ಎರಡು ಕಂತು ತಪ್ಪಿಸಿದ, ಆಮೇಲೆ ನೂರು ರೂಪಾಯಿಗೆ ಒಂದು ರೂಪಾಯಿಯಂತೆ ದಂಡ ಸೇರಿಸಿ ಕಟ್ಟಿದ. ಸತತ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆಂಬುದನ್ನು ಮಾತ್ರ ನೆನಪಿಡಬೇಕು. ಐಟಿಐ ಮುಗಿದ ಮೇಲೆ ನನ್ನ ಸ್ಕೂಲಿನಲ್ಲೇ ಕೆಲಸಕ್ಕೆ ಸೇರಿ, ನೋಂದಾಯಿತ ಚೀಟಿಯೊಂದಕ್ಕೆ ತಿಂಗಳಿಗೆ 5,000ದಂತೆ ಇಪ್ಪತ್ತು ತಿಂಗಳು ಕಟ್ಟಿ, ಕೊನೆಯ ತಿಂಗಳಲ್ಲಿ ಎತ್ತಿ ಇನ್ನೊಂದು ಲಕ್ಷ ಸೇರಿಸಿದ.

ಹೀಗೆ ನಾಲ್ಕೂವರೆ ಲಕ್ಷದ ಹತ್ತಿರ ಹಣ ಕೂಡಿತು. ಅವನ ಖರ್ಚು ಹೀಗಿತ್ತು: ಹಳೆಯ ಪೆಟ್ರೋಲ್ ಕಾರಿಗೆ 2,20,000, ಡ್ಯುಯಲ್ ಕಂಟ್ರೋಲ್ ಅಳವಡಿಕೆಗೆ 7,000, ವಿಮೆಗೂ ಆರ್‌ಸಿ ವರ್ಗಾವಣೆಗೂ ಸೇರಿ 25,000, ಅಂಗಡಿಯ ಮುಂಗಡಕ್ಕೆ 50,000, ಬೋಧನಾ ಸಾಮಗ್ರಿಗೆ 30,000, ಬೆಂಚು, ಮೇಜು ಮತ್ತು ಹೆಸರು ಫಲಕಕ್ಕೆ 20,000, ಅರ್ಜಿ ಶುಲ್ಕ ಮತ್ತು ಕಾಗದಪತ್ರಕ್ಕೆ 15,000. ಇಷ್ಟಾದ ಮೇಲೆ 80,000 ರೂಪಾಯಿಯನ್ನು ಮುಟ್ಟದೆ ಬದಿಗಿಟ್ಟ.

ಆ 80,000ದ ಲೆಕ್ಕವೇ ಈ ಇಡೀ ಯೋಜನೆಯ ಜೀವಾಳ. ಕರ್ನಾಟಕದಲ್ಲಿ ಕಾರು ತರಬೇತಿಯ ಶುಲ್ಕವನ್ನು ಸಾರಿಗೆ ಇಲಾಖೆ 2024ರ ಜನವರಿಯಿಂದ 4,000ದಿಂದ 7,000 ರೂಪಾಯಿಗೆ ಏರಿಸಿತು. ಒಬ್ಬ ವಿದ್ಯಾರ್ಥಿಗೆ ಇಪ್ಪತ್ತು ದಿನ, ದಿನಕ್ಕೆ ಅರ್ಧ ಗಂಟೆ ಕಲಿಸಿದರೆ ಕಾರು ಸುಮಾರು 130 ಕಿ.ಮೀ. ಓಡುತ್ತದೆ. ಕಲಿಯುವವರ ಕೈಯಲ್ಲಿ ಲೀಟರಿಗೆ 12 ಕಿ.ಮೀ.ಗಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ 11 ಲೀಟರ್ ಪೆಟ್ರೋಲ್, ಅಂದರೆ ಸುಮಾರು 1,150 ರೂಪಾಯಿ. ಕ್ಲಚ್ ಪ್ಲೇಟ್, ಬ್ರೇಕ್, ಟೈರ್ ಸವೆತಕ್ಕೆ ತಲಾ 500 ತೆಗೆದಿಟ್ಟರೆ ಒಬ್ಬರಿಂದ 5,350 ಉಳಿಯುತ್ತದೆ. ಅಂಗಡಿ ಬಾಡಿಗೆ, ವಿಮೆಯ ತಿಂಗಳ ಪಾಲು, ಫೋನು, ಕರೆಂಟು ಸೇರಿ 9,000, ಮನೆ ಖರ್ಚಿಗೆ 15,000 ಎಂದುಕೊಂಡರೆ ತಿಂಗಳಿಗೆ 24,000 ಬೇಕು. ಐದು ವಿದ್ಯಾರ್ಥಿಗಳಿದ್ದರೆ ಕೈಗೂ ಬಾಯಿಗೂ ಸರಿಹೋಗುತ್ತದೆ. ಆದರೆ ಹೊಸ ಸ್ಕೂಲಿಗೆ ಆರಂಭದಲ್ಲಿ ಇಬ್ಬರು ಬಂದರೆ ಹೆಚ್ಚು. ಆಗ ತಿಂಗಳಿಗೆ 13,300 ಕೊರತೆ ಬೀಳುತ್ತದೆ, ಆರು ತಿಂಗಳಿಗೆ ಅದು 80,000ದ ಹತ್ತಿರವಾಗುತ್ತದೆ. ಪೈಪೋಟಿಗೆ ಬಿದ್ದು 5,000ಕ್ಕೇ ಕಲಿಸಲು ಒಪ್ಪಿದರೆ ಐವರ ಬದಲು ತಿಂಗಳಿಗೆ ಎಂಟು ಮಂದಿ ಬೇಕಾಗುತ್ತಾರೆ. ಕಡಿಮೆ ಶುಲ್ಕದ ಸ್ಕೂಲುಗಳು ಅರ್ಧ ಗಂಟೆಯ ಪಾಠವನ್ನು ಕಾಲು ಗಂಟೆಗೆ ಇಳಿಸುವುದು ಈ ಕಾರಣಕ್ಕೇ.

ಮೂರನೆಯ ಹೆಜ್ಜೆ: ಕಾರು ಮತ್ತು ಡ್ಯುಯಲ್ ಕಂಟ್ರೋಲ್

ಕಲಿಕೆಗೆ ಮ್ಯಾನುಯಲ್ ಗೇರಿನ, ಚಿಕ್ಕ ಬಾನೆಟ್ಟಿನ, ಎರಡು ಸೀಟುಗಳ ನಡುವೆ ಕೈಗೆ ಸಿಗುವಂತೆ ಹ್ಯಾಂಡ್ ಬ್ರೇಕ್ ಇರುವ ಪೆಟ್ರೋಲ್ ಕಾರು ಸೂಕ್ತ. ಡೀಸೆಲ್ ಎಂಜಿನ್ ಕ್ಲಚ್ ತಪ್ಪಾಗಿ ಬಿಟ್ಟರೂ ಎಳೆದುಕೊಂಡು ಹೊರಟುಬಿಡುತ್ತದೆ. ಪೆಟ್ರೋಲ್ ಎಂಜಿನ್ ಆಫ್ ಆಗಿ ವಿದ್ಯಾರ್ಥಿಗೆ ತನ್ನ ತಪ್ಪನ್ನು ಆ ಕ್ಷಣವೇ ತಿಳಿಸುತ್ತದೆ. ಕೊಳ್ಳುವ ಮೊದಲು ಏರಿನಲ್ಲಿ ಓಡಿಸಿ ನೋಡಿ: ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆಯೆಂದು ಅರ್ಥ.

ಮೋಟಾರ್ ಸೈಕಲ್ ಬಿಟ್ಟು ಕಲಿಸುವ ಎಲ್ಲ ವಾಹನಗಳಿಗೂ ತರಬೇತುದಾರರು ನಿಲ್ಲಿಸಬಲ್ಲಂತೆ ಡ್ಯುಯಲ್ ಕಂಟ್ರೋಲ್ ಇರಲೇಬೇಕು. ಎಡ ಸೀಟಿನ ಮುಂದೆ ಇನ್ನೊಂದು ಜೊತೆ ಕ್ಲಚ್ ಮತ್ತು ಬ್ರೇಕ್ ಪೆಡಲನ್ನು ಕೂರಿಸಿ, ಅವನ್ನು ಚಾಲಕನ ಪೆಡಲಿಗೆ ಕಬ್ಬಿಣದ ಸಲಾಕೆಯಿಂದಲೋ ಕೇಬಲಿನಿಂದಲೋ ಜೋಡಿಸುತ್ತಾರೆ. ಇದರ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನನ್ನ ಮೊದಲ ಕಾರಿನಲ್ಲಿ ಕೇಬಲಿನ ತುದಿಯ ಬಿಗಿ ಸಡಿಲಗೊಂಡಿದ್ದನ್ನು ನಾನು ಗಮನಿಸಿರಲಿಲ್ಲ. ಇಳಿಜಾರಿನಲ್ಲಿ ವಿದ್ಯಾರ್ಥಿ ಗಾಬರಿಯಿಂದ ಆಕ್ಸಿಲರೇಟರ್ ಒತ್ತಿದಾಗ ನಾನು ತುಳಿದ ಬ್ರೇಕ್ ಪೆಡಲ್ ಯಾವ ಹಿಡಿತವೂ ಇಲ್ಲದೆ ನೆಲಕ್ಕೆ ಮುಟ್ಟಿತು. ಹ್ಯಾಂಡ್ ಬ್ರೇಕ್ ಎಳೆದು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ್ದರಿಂದ ಕಾರು ರಸ್ತೆ ಬದಿಯ ಮರಳಿನ ರಾಶಿಗೆ ಹೊಕ್ಕು ನಿಂತಿತು. ಯಾರಿಗೂ ಏಟಾಗಲಿಲ್ಲ. ಆದರೆ ಪೆಡಲ್ ಕಾಲಿನಡಿ ಹಗುರವಾಗಿ ಕುಸಿದ ಆ ಅನುಭವ ಇಂದಿಗೂ ನನ್ನ ಪಾದದಲ್ಲಿದೆ.

ಆದುದರಿಂದ ಪ್ರತಿ ಬೆಳಿಗ್ಗೆ ಮೊದಲ ಪಾಠಕ್ಕೆ ಮುನ್ನ ಹೀಗೆ ಪರೀಕ್ಷಿಸಬೇಕು. ಎಂಜಿನ್ ಆಫ್ ಇರುವಾಗ ಎಡಗಡೆಯ ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತಿ, ಬಲಗಡೆಯ ಪೆಡಲ್ ಅದೇ ಕ್ಷಣಕ್ಕೆ ಕದಲುತ್ತದೆಯೇ ಎಂದು ನೋಡಿ. ಎಡಗಡೆಯದು ಒಂದೆರಡು ಬೆರಳಿನಷ್ಟು ಇಳಿದ ಮೇಲೆ ಬಲಗಡೆಯದು ಕದಲಿದರೆ ಜೋಡಣೆ ಸಡಿಲವಾಗಿದೆ, ನಟ್ ಬಿಗಿ ಮಾಡದೆ ಕಾರು ಹೊರಡಿಸಬಾರದು. ಬಿಟ್ಟಾಗ ಎರಡೂ ಪೆಡಲುಗಳು ಪೂರ್ತಿ ಮೇಲೆ ಬರಬೇಕು. ಬ್ರೇಕ್ ಸ್ವಲ್ಪ ಹಿಡಿದೇ ಉಳಿದರೆ ಹತ್ತು ನಿಮಿಷದ ಓಟದ ನಂತರ ಚಕ್ರದ ಬಳಿ ಕೈ ಹಿಡಿದರೆ ಬಿಸಿ ತಾಗುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಮ್ಯಾಟ್ ಜಾರಿ ಪೆಡಲಿನಡಿ ಸೇರದಂತೆ ನೋಡಿ, ನೀರಿನ ಬಾಟಲಿಯನ್ನು ಮುಂದಿನ ಸೀಟಿನ ಕೆಳಗೆ ಎಂದೂ ಇಡಬೇಡಿ. ಇನ್ನೊಂದು ಅಂಶವನ್ನು ತರಬೇತುದಾರರು ಮರೆಯುತ್ತಾರೆ: ಓಡುತ್ತಿರುವಾಗ ಎಂಜಿನ್ ಆಫ್ ಆದರೆ ಬ್ರೇಕಿನ ಬೂಸ್ಟರಿನಲ್ಲಿ ಒಂದೆರಡು ಒತ್ತಿಗೆ ಸಾಲುವಷ್ಟು ಬಲ ಮಾತ್ರ ಉಳಿದಿರುತ್ತದೆ. ಆಗ ಪೆಡಲನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ವಿಮೆ ಮಾಡಿಸುವಾಗ ಕಾರನ್ನು ಡ್ರೈವಿಂಗ್ ಸ್ಕೂಲಿಗೆ ಬಳಸುತ್ತೇವೆಂದು ಸ್ಪಷ್ಟವಾಗಿ ತಿಳಿಸಿ, ಪಾಲಿಸಿಯಲ್ಲಿ ಅದು ನಮೂದಾಗಿದೆಯೇ ಎಂದು ಓದಿ ನೋಡಬೇಕು. ಸ್ವಂತ ಬಳಕೆಯ ಸಾಮಾನ್ಯ ಪಾಲಿಸಿಯಿಟ್ಟುಕೊಂಡು ಶುಲ್ಕಕ್ಕೆ ಕಲಿಸುವಾಗ ಅಪಘಾತವಾದರೆ ಪರಿಹಾರದ ಹೊರೆ ಮಾಲೀಕರ ಮೇಲೆಯೇ ಬೀಳಬಹುದು.

ನಾಲ್ಕನೆಯ ಹೆಜ್ಜೆ: ಆರ್‌ಸಿ ಮೊದಲು, ಅಂಗಡಿ ಆಮೇಲೆ

ಅವನು ಎಡವಿದ್ದು ಇಲ್ಲಿ. ಕಾರು ಕೊಂಡ ವಾರದಲ್ಲೇ ಬಸ್ ನಿಲ್ದಾಣದ ಹತ್ತಿರ ಒಳ್ಳೆಯ ಮಳಿಗೆ ಸಿಕ್ಕಿತೆಂದು ಮುಂಗಡ ಕೊಟ್ಟು ಕರಾರು ಮಾಡಿಕೊಂಡ. ಆದರೆ ಕಾರಿನ ಆರ್‌ಸಿಯಲ್ಲಿ ಹಿಂದಿನ ಮಾಲೀಕರ ಸಾಲದ ನಮೂದು ಇನ್ನೂ ಹಾಗೆಯೇ ಇತ್ತು. ಸಾಲ ತೀರಿದ್ದರೂ ಅದನ್ನು ತೆಗೆಸಲು ಬೇಕಾದ ನಮೂನೆ 35 ಮತ್ತು ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರವನ್ನು ಯಾರೂ ಪಡೆದಿರಲಿಲ್ಲ. ಅದಿಲ್ಲದೆ ನಮೂನೆ 29 ಮತ್ತು 30ರಲ್ಲಿ ಮಾಡಬೇಕಾದ ಹೆಸರು ವರ್ಗಾವಣೆಯೂ ನಿಂತಿತು. ಅರ್ಜಿದಾರರು ಕಲಿಸುವ ಪ್ರತಿ ಬಗೆಯ ಕನಿಷ್ಠ ಒಂದು ವಾಹನದ ಮಾಲೀಕರಾಗಿರಬೇಕೆಂದು ನಿಯಮವಿರುವುದರಿಂದ ಸ್ಕೂಲಿನ ಅರ್ಜಿ ಹಿಂದಿರುಗಿತು. ಎರಡು ತಿಂಗಳ ಬಾಡಿಗೆ, ಅಂದರೆ 12,000 ರೂಪಾಯಿ, ಬಾಗಿಲು ತೆರೆಯದ ಮಳಿಗೆಗೆ ಹೋಯಿತು. ಅದನ್ನು ಅವನು ಬದಿಗಿಟ್ಟ 80,000ದಿಂದಲೇ ಕೊಡಬೇಕಾಯಿತು. ಹಳೆಯ ಕಾರಿನ ಆರ್‌ಸಿಯಲ್ಲಿ ಸಾಲದ ನಮೂದಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ parivahan.gov.in ತಾಣದಲ್ಲಿ ನೋಡಿಕೊಳ್ಳಬಹುದಿತ್ತು.

ಮಳಿಗೆಯ ಬಾಡಿಗೆ ಕರಾರು ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಅಲ್ಲಿ ಪಾಠ ಮಾಡಲು ಜಾಗವೂ, ಕಾರು ನಿಲ್ಲಿಸಲು ಜಾಗವೂ ಬೇಕು. ಮುಖ್ಯರಸ್ತೆಯ ಮಳಿಗೆಗೆ ಹೆಚ್ಚು ಬಾಡಿಗೆ ಕೊಟ್ಟು ಕಾರನ್ನು ರಸ್ತೆಯಲ್ಲೇ ನಿಲ್ಲಿಸುವುದಕ್ಕಿಂತ, ಒಳರಸ್ತೆಯಲ್ಲಿ ಅಂಗಳವಿರುವ ಹಳೆಯ ಮನೆ ಮೇಲು.

ಐದನೆಯ ಹೆಜ್ಜೆ: ಸಾಮಗ್ರಿ ಮತ್ತು ತಪಾಸಣೆ

ಅರ್ಜಿಯನ್ನು ನಮೂನೆ 12ರಲ್ಲಿ ಸಲ್ಲಿಸಬೇಕು, ಪರವಾನಗಿ ನಮೂನೆ 11ರಲ್ಲಿ ಬರುತ್ತದೆ. ನಡುವೆ ಮೋಟಾರು ವಾಹನ ನಿರೀಕ್ಷಕರು, ನಮ್ಮ ಕಡೆ ಎಲ್ಲರೂ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವವರು, ಬಂದು ನೋಡುತ್ತಾರೆ. ಕಪ್ಪು ಹಲಗೆ, ಸಂಚಾರ ಚಿಹ್ನೆಗಳ ಮತ್ತು ಪೊಲೀಸರ ಕೈಸನ್ನೆಗಳ ಚಾರ್ಟ್, ರಸ್ತೆಯ ಮಾದರಿ ಫಲಕ, ವಾಹನದ ಭಾಗಗಳ ಚಾರ್ಟ್, ಜಾಕ್, ಪಂಕ್ಚರ್ ಸಾಮಾನು, ಸ್ಪ್ಯಾನರ್ ಸೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದಷ್ಟು ಪುಸ್ತಕಗಳು ಇರಬೇಕು. ಇವೆಲ್ಲ ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಗಮನ ಕೊಡಬೇಕಾದುದು ಎಂಜಿನ್, ಗೇರ್ ಬಾಕ್ಸ್, ಬ್ರೇಕ್ ಶೂ ಮತ್ತು ಡ್ರಮ್ಮಿಗೆ. ಅವನು ಗುಜರಿಯಿಂದ ಹಳೆಯ ಗೇರ್ ಬಾಕ್ಸ್ ತಂದು, ಐಟಿಐಯಲ್ಲಿ ಕಲಿತಂತೆ ತಾನೇ ಒಂದು ಬದಿಯನ್ನು ಕತ್ತರಿಸಿ, ಒಳಗಿನ ಹಲ್ಲುಗಾಲಿಗಳಿಗೆ ಬೇರೆ ಬೇರೆ ಬಣ್ಣ ಬಳಿದ. ಮೊದಲ ಗೇರು ಕೆಂಪು, ರಿವರ್ಸ್ ಹಳದಿ. ತಪಾಸಣೆಯ ದಿನ ನಿರೀಕ್ಷಕರು ಗೇರ್ ಹೇಗೆ ಕೂಡುತ್ತದೆಂದು ತೋರಿಸಲು ಹೇಳಿದಾಗ ಅವನು ಮಾತಾಡದೆ ಲಿವರ್ ತಳ್ಳಿ ಕೆಂಪು ಗಾಲಿ ತಿರುಗುವುದನ್ನು ತೋರಿಸಿದ. ಭಾಗಗಳ ಕೆಲಸವನ್ನು ತೋರಿಸಿ ವಿವರಿಸುವ ಸಾಮರ್ಥ್ಯವೂ ತರಬೇತುದಾರರ ಅರ್ಹತೆಯ ಒಂದು ಭಾಗವೆಂದು ಅದೇ 24ನೆಯ ನಿಯಮದಲ್ಲಿದೆ.

ಪರವಾನಗಿಯ ಅವಧಿ ಐದು ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನಕ್ಕೂ ಮೊದಲು ಕೊಡಬೇಕು. ಅನುಮತಿಯಿಲ್ಲದೆ ಸ್ಕೂಲನ್ನು ಬೇರೆ ಕಟ್ಟಡಕ್ಕೆ ಬದಲಾಯಿಸುವಂತಿಲ್ಲ.

ಆರನೆಯ ಹೆಜ್ಜೆ: ಮೊದಲ ತಿಂಗಳು

ಲಘು ವಾಹನದ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸುವ ಸಮಯ ಹತ್ತು ಗಂಟೆಗೆ ಕಡಿಮೆಯಿರಬಾರದು. ಮೊದಲ ದಿನ ರಸ್ತೆಗಿಳಿಯದೆ ಚಿಹ್ನೆ, ಕ್ಲಚ್, ಗೇರ್ ವಿವರಿಸಿ, ಉಳಿದ ಇಪ್ಪತ್ತು ದಿನ ಅರ್ಧ ಗಂಟೆಯಂತೆ ಓಡಿಸಿದರೆ ಲೆಕ್ಕ ಸರಿಹೋಗುತ್ತದೆ. ವಿದ್ಯಾರ್ಥಿಗಳ ವಿವರವನ್ನು ನಮೂನೆ 14ರ ರಿಜಿಸ್ಟರಿನಲ್ಲೂ, ಪ್ರತಿಯೊಬ್ಬರೂ ಓಡಿಸಿದ ಗಂಟೆಗಳನ್ನು ನಮೂನೆ 15ರಲ್ಲೂ ಬರೆಯಬೇಕು, ತರಬೇತಿ ಮುಗಿದ ಮೇಲೆ ನಮೂನೆ 5ರ ಪ್ರಮಾಣಪತ್ರ ಕೊಡಬೇಕು. ಗಂಟೆಗಳನ್ನು ತಿಂಗಳ ಕೊನೆಯಲ್ಲಿ ಒಟ್ಟಿಗೆ ತುಂಬುವ ಅಭ್ಯಾಸ ಕೆಟ್ಟದ್ದು. ಒಂದೇ ಶಾಯಿಯಲ್ಲಿ, ಒಂದೇ ಬಗೆಯ ಸಮಯಗಳು ಸಾಲಾಗಿ ಬಿದ್ದಿದ್ದರೆ ತಪಾಸಣೆಗೆ ಬಂದವರಿಗೆ ಪುಟ ನೋಡಿದ ಕೂಡಲೇ ತಿಳಿಯುತ್ತದೆ. ಟೆಸ್ಟ್ ಇಲ್ಲದೆ ಡಿಎಲ್ ಕೊಡಿಸುತ್ತೇವೆಂಬ ಮಾತನ್ನು ಬಾಯಿ ತಪ್ಪಿಯೂ ಆಡಬಾರದು. ಹಾಗೆ ನಂಬಿಸುವುದೇ ಪರವಾನಗಿಯ ಷರತ್ತಿನ ಉಲ್ಲಂಘನೆ.

ಕಾರಿನ ಮೇಲೆ ಸ್ಕೂಲಿನ ಹೆಸರು, ವಿಳಾಸ, ಫೋನ್ ಸಂಖ್ಯೆ ದಪ್ಪಕ್ಷರದಲ್ಲಿರಬೇಕು. ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಫಲಕ 18 ಸೆಂ.ಮೀ. ಚೌಕಕ್ಕೆ ಕಡಿಮೆಯಿರಬಾರದು.

ಅವನ ಮೊದಲ ವಿದ್ಯಾರ್ಥಿನಿ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು. ಎಲ್‌ಎಲ್‌ಆರ್ ಬಂದ ಮರುದಿನವೇ ಪಾಠ ಆರಂಭಿಸಿ 21ನೆಯ ದಿನಕ್ಕೆ ಮುಗಿಸಿದ. ಎಲ್‌ಎಲ್‌ಆರ್ ಆದ 30 ದಿನದ ಮೊದಲು ಟೆಸ್ಟಿಗೆ ಹೋಗುವಂತಿಲ್ಲವಾದ್ದರಿಂದ ನಡುವೆ ಒಂಬತ್ತು ದಿನ ಅವರು ಕಾರನ್ನೇ ಮುಟ್ಟಲಿಲ್ಲ. ಟೆಸ್ಟಿನ ದಿನ ಏರಿನಲ್ಲಿ ಹಾಫ್ ಕ್ಲಚ್ ಸಿಗದೆ ಕಾರು ಹಿಂದಕ್ಕೆ ಉರುಳಿ ಫೇಲಾದರು. ಅವನು ಮತ್ತೆ ಶುಲ್ಕ ಕೇಳದೆ ಮೂರು ಬೆಳಿಗ್ಗೆ ಅವರನ್ನು ಅದೇ ಬಗೆಯ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಿಡಿದು, ಬಾನೆಟ್ಟು ತುಸು ಮೇಲೆದ್ದು ಎಂಜಿನ್ ಸದ್ದು ಇಳಿಯುವ ಕ್ಷಣವನ್ನು ಗುರುತಿಸಲು ಕಲಿಸಿದ. ಎರಡನೆಯ ಸಲ ಅವರು ಪಾಸಾದರು. ಅಂದಿನಿಂದ ಅವನು ಎಲ್‌ಎಲ್‌ಆರ್ ಆದ ಹತ್ತನೆಯ ದಿನಕ್ಕೆ ಪಾಠ ಆರಂಭಿಸುತ್ತಾನೆ, ಕೊನೆಯ ಅರ್ಧ ಗಂಟೆ ಟೆಸ್ಟಿನ ಹಿಂದಿನ ದಿನಕ್ಕೆ ಬೀಳುವಂತೆ.